ಎಣಿಕೆ ಸಂಖ್ಯೆಗಳು ಹೆಚ್ಚೋ, ಸಮಸಂಖ್ಯೆಗಳು ಹೆಚ್ಚೋ: ಜೋಡಿಸಿ ನೋಡುವ ಕ್ರಮ

ಮುಂಬಯಿಯ ಮಾಟುಂಗಾದ ಒಂದು ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಕನ್ನಡದ ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು, ವರ್ಷಕ್ಕೊಮ್ಮೆಯಾದರೂ ಒಂದು ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ. 1, 2, 3 ಎಂದು ಮುಗಿಯದೆ ಸಾಗುವ ಎಣಿಕೆ ಸಂಖ್ಯೆಗಳು ಹೆಚ್ಚೋ, ಅಥವಾ 2, 4, 6 ಎಂದು ಸಾಗುವ ಸಮಸಂಖ್ಯೆಗಳು ಹೆಚ್ಚೋ? ತರಗತಿ ಕೂಡಲೇ ಎರಡಾಗುತ್ತದೆ. ಬೆಸಸಂಖ್ಯೆಗಳನ್ನು ತೆಗೆದುಹಾಕಿದರೆ ಉಳಿಯುವುದು ಅರ್ಧ ಎಂದು ಕೆಲವರು ಹೇಳುತ್ತಾರೆ. ಎರಡೂ ಅನಂತ, ಆದ್ದರಿಂದ ಎರಡೂ ಒಂದೇ ಎಂದು ಉಳಿದವರು ಹೇಳುತ್ತಾರೆ. ಮೊದಲನೆಯದು ತಪ್ಪು ಉತ್ತರ. ಎರಡನೆಯದು ಸರಿಯಾದ ಉತ್ತರಕ್ಕೆ ಕೊಟ್ಟ ತಪ್ಪು ಕಾರಣ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಅದು ಏಕೆಂಬುದು ಕೊನೆಯ ಹಂತದಲ್ಲಿ ತಿಳಿಯುತ್ತದೆ.

ಬೇಕಾದ ಸಾಮಗ್ರಿ ಬಹಳ ಕಡಿಮೆ: ಕೆಂಪು ಮತ್ತು ಬಿಳಿ ಕಾಗದ, ಒಂದು ಕತ್ತರಿ. ಅಂಗಡಿಗಳಲ್ಲಿ ಸಿಗುವ, 1ರಿಂದ 100ರವರೆಗಿನ ಸಂಖ್ಯೆಗಳನ್ನು ಚೌಕಗಳಲ್ಲಿ ಅಚ್ಚುಹಾಕಿ ಸಮಸಂಖ್ಯೆಗಳಿಗೆ ಬಣ್ಣ ಬಳಿದ ಚಾರ್ಟನ್ನು ಮಾತ್ರ ತರಬೇಡಿ. ನೂರಕ್ಕೆ ನಿಂತುಬಿಡುವ ಆ ಚಾರ್ಟು ‘ಅರ್ಧ’ ಎಂಬ ಉತ್ತರವನ್ನು ಕಣ್ಣಿಗೆ ಒತ್ತಿ ತೋರಿಸುತ್ತದೆ. ಒಂದು ಮಿತಿಯೊಳಗೆ ಸಮಸಂಖ್ಯೆಗಳು ಎಷ್ಟು ಸಾಂದ್ರವಾಗಿವೆ ಎಂಬ ಪ್ರಶ್ನೆಗೆ ಅರ್ಧ ಎನ್ನುವುದೇ ಸರಿಯಾದ ಉತ್ತರ. ಆದರೆ ನಾವು ಕೇಳಿದ ಪ್ರಶ್ನೆ ಅದಲ್ಲ.

ಮೊದಲನೆಯ ಹಂತ, ಎಣಿಸದೆ ಹೋಲಿಸುವುದು. ಇದನ್ನು ನಾನು ತರಗತಿಗಿಂತ ಹೆಚ್ಚಾಗಿ, ಪಕ್ಕದ ಉಡುಪಿ ಹೋಟೆಲಿನಲ್ಲಿ ಕಾಫಿಯ ಮುಂದೆ ಕುಳಿತು ಹೇಳಿದ್ದೇನೆ. ಅಲ್ಲಿ ಲೋಟಗಳನ್ನೂ ಬಟ್ಟಲುಗಳನ್ನೂ ತೊಳೆದು ಒಳಗೆ ತಂದ ಹುಡುಗ ಯಾವುದನ್ನೂ ಎಣಿಸುವುದಿಲ್ಲ. ಒಂದೊಂದು ಬಟ್ಟಲಿನಲ್ಲಿ ಒಂದೊಂದು ಲೋಟವನ್ನು ಇಡುತ್ತಾ ಹೋಗುತ್ತಾನೆ. ಕೊನೆಯಲ್ಲಿ ಬರಿದಾದ ಬಟ್ಟಲೂ ಬಟ್ಟಲಿಲ್ಲದ ಲೋಟವೂ ಉಳಿಯದಿದ್ದರೆ ಎರಡೂ ಸಮಸಮ ಇವೆ ಎಂದು ಅವನಿಗೆ ತಿಳಿಯುತ್ತದೆ. ಎಷ್ಟಿವೆ ಎಂಬುದು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎಣಿಕೆ ಮುಗಿಯದ ಗಣಗಳನ್ನು ಹೋಲಿಸಲು ನಮಗಿರುವ ಉಪಾಯ ಇದೇ.

ಎರಡನೆಯ ಹಂತ, ಜೋಡಿಸುವ ನಿಯಮವನ್ನು ಬರೆಯುವುದು. ಪ್ರತಿಯೊಂದು ಎಣಿಕೆ ಸಂಖ್ಯೆಗೂ ಅದರ ಎರಡರಷ್ಟನ್ನು ಜೊತೆಗೂಡಿಸಿ: 1 ↔ 2, 2 ↔ 4, 3 ↔ 6, ಒಟ್ಟಿನಲ್ಲಿ n ↔ 2n. ಇಷ್ಟು ಸುಲಭ.

ಮೂರನೆಯ ಹಂತ, ನಿಯಮವನ್ನು ಎರಡೂ ಕಡೆಯಿಂದ ಪರೀಕ್ಷಿಸುವುದು. ಜನರು ಎಡವುವುದು ಇಲ್ಲೇ ಆದ್ದರಿಂದ ನಿಧಾನವಾಗಿ ಹೋಗೋಣ. ಮೊದಲು ಎಣಿಕೆ ಸಂಖ್ಯೆಗಳ ಕಡೆಯಿಂದ ನೋಡಿ. ಯಾವ ಸಂಖ್ಯೆಯನ್ನು ಕೊಟ್ಟರೂ ಅದರ ಎರಡರಷ್ಟು ಇದ್ದೇ ಇದೆ, ಮತ್ತು ಬೇರೆ ಬೇರೆ ಸಂಖ್ಯೆಗಳ ಎರಡರಷ್ಟು ಬೇರೆ ಬೇರೆಯೇ ಆಗಿರುತ್ತದೆ. ಆದ್ದರಿಂದ ಒಂದೇ ಬಟ್ಟಲಿಗೆ ಎರಡು ಲೋಟಗಳು ಬೀಳುವುದಿಲ್ಲ. ಬಳಿಕ ಸಮಸಂಖ್ಯೆಗಳ ಕಡೆಯಿಂದ ನೋಡಿ. 7,34,558 ಎಂಬ ಸಮಸಂಖ್ಯೆ ಒಂಟಿಯಾಗಿ ಉಳಿದಿದೆಯೇ? ಅದನ್ನು ಅರ್ಧ ಮಾಡಿದರೆ 3,67,279 ಬರುತ್ತದೆ. ಅದೇ ಅದರ ಜೊತೆಗಾರ. ಯಾವ ಸಮಸಂಖ್ಯೆಯನ್ನು ಹೆಸರಿಸಿದರೂ ಅದರ ಅರ್ಧ ಒಂದು ಎಣಿಕೆ ಸಂಖ್ಯೆಯೇ ಆಗಿರುವುದರಿಂದ ಒಂದೂ ಒಂಟಿಯಾಗಿ ಉಳಿಯುವುದಿಲ್ಲ. ಕಾಗದದ ಮೇಲೆ ಹತ್ತು ಜೋಡಿ ಬರೆದು ‘ಹೀಗೆಯೇ ಮುಂದೆ’ ಎಂದು ಚುಕ್ಕಿಗಳನ್ನಿಡುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮುಗಿಯುವುದು ಚುಕ್ಕಿಗಳಿಂದಲ್ಲ, ಈ ಎರಡು ವಾಕ್ಯಗಳಿಂದ.

ಇಷ್ಟಾದ ಮೇಲೂ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ಮಗಳನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೋಟೆಲು ಕ್ಯಾಶಿಯರ್ ಒಬ್ಬರು, “ಅದೆಲ್ಲ ಸರಿ ಮಾಸ್ಟ್ರೇ, ಆದರೆ 3 ಎಲ್ಲಿ ಹೋಯಿತು? ಕೆಳಗಿನ ಸಾಲಿನಲ್ಲಿ 3 ಇಲ್ಲವಲ್ಲ” ಎಂದರು. ಹಲಗೆಯ ಮೇಲೆ ಎರಡೂ ಸಾಲುಗಳನ್ನು ಒಂದೇ ಬಿಳಿ ಸೀಮೆಸುಣ್ಣದಲ್ಲಿ ಬರೆದಿದ್ದ ತಪ್ಪು ನನ್ನದೇ. ಒಂದೇ 6 ಮೇಲಿನ ಸಾಲಿನಲ್ಲೂ ಕೆಳಗಿನ ಸಾಲಿನಲ್ಲೂ ಇದ್ದುದರಿಂದ ಅವರ ಕಣ್ಣು ಮೇಲಿನ 6ನ್ನು ಕೆಳಗಿನ 6ರೊಂದಿಗೆ ತಾನಾಗಿಯೇ ಜೋಡಿಸಿತ್ತು, ಮತ್ತು 3 ಜೊತೆಯಿಲ್ಲದೆ ಉಳಿದಂತೆ ಕಂಡಿತ್ತು. ಅಂದಿನಿಂದ ನಾನು ಬಣ್ಣದ ಕಾಗದವನ್ನೇ ಬಳಸುತ್ತೇನೆ, ನೀವೂ ಅದನ್ನೇ ಬಳಸಿ. ಎಣಿಕೆ ಸಂಖ್ಯೆಗಳನ್ನು ಕೆಂಪು ಚೀಟಿಗಳ ಮೇಲೆ, ಸಮಸಂಖ್ಯೆಗಳನ್ನು ಬಿಳಿ ಚೀಟಿಗಳ ಮೇಲೆ ಬರೆಯಿರಿ. ಕೆಂಪು 3ರ ಜೊತೆಗಾರ ಬಿಳಿ 6; ಕೆಂಪು 6ರ ಜೊತೆಗಾರ ಬಿಳಿ 12. ಬಿಳಿ 3 ಎಂಬ ಚೀಟಿಯೇ ಇಲ್ಲ, ಅದರ ಅಗತ್ಯವೂ ಇಲ್ಲ. ಕೆಂಪು 3 ಒಂಟಿಯಾಗಿದೆಯೇ ಎಂಬುದಷ್ಟೇ ಪ್ರಶ್ನೆ, ಮತ್ತು ಅದು ಒಂಟಿಯಾಗಿಲ್ಲ.

ನಾಲ್ಕನೆಯ ಹಂತ, ಉಲ್ಟಾ ಹೊಡೆಯುವ ಜೋಡಣೆಯನ್ನು ಅರ್ಥಮಾಡಿಕೊಳ್ಳುವುದು. ಈ ಲೇಖನ ಬರೆಯಬೇಕೆನಿಸಿದ್ದೇ ಈ ಹಂತಕ್ಕಾಗಿ. ಜಾಣ ವಿದ್ಯಾರ್ಥಿಯೊಬ್ಬ ಹೀಗೆ ವಾದಿಸಬಹುದು: ಕೆಂಪು 2ನ್ನು ಬಿಳಿ 2ಕ್ಕೆ, ಕೆಂಪು 4ನ್ನು ಬಿಳಿ 4ಕ್ಕೆ ಜೋಡಿಸುತ್ತೇನೆ, ಆಗ ಬಿಳಿ ಚೀಟಿಗಳೆಲ್ಲ ಮುಗಿದವು, ಕೆಂಪು 1, 3, 5 ಉಳಿದವು, ಆದ್ದರಿಂದ ಕೆಂಪೇ ಹೆಚ್ಚು. ಲೋಟ ಬಟ್ಟಲುಗಳ ವಿಷಯದಲ್ಲಿ ಈ ವಾದಕ್ಕೆ ಎದುರಾಡುವಂತಿಲ್ಲ, ಏಕೆಂದರೆ ಅಲ್ಲಿ ಹೇಗೆ ಜೋಡಿಸಿದರೂ ಉಳಿಯುವ ಲೋಟಗಳ ಸಂಖ್ಯೆ ಬದಲಾಗುವುದಿಲ್ಲ. ಅನಂತ ಗಣಗಳಲ್ಲಿ ಆ ಭರವಸೆ ಇಲ್ಲ. ಅವನ ಅಸ್ತ್ರವನ್ನೇ ತಿರುಗಿಸಿ ತೋರಿಸಿ: ಕೆಂಪು 1ನ್ನು ಬಿಳಿ 4ಕ್ಕೆ, ಕೆಂಪು 2ನ್ನು ಬಿಳಿ 8ಕ್ಕೆ, ಕೆಂಪು 3ನ್ನು ಬಿಳಿ 12ಕ್ಕೆ ಜೋಡಿಸಿ. ಈಗ ಕೆಂಪು ಚೀಟಿಗಳೆಲ್ಲಕ್ಕೂ ಜೊತೆ ಸಿಕ್ಕಿದೆ. ಒಂಟಿಯಾಗಿ ಉಳಿದವು ಬಿಳಿಯ 2, 6, 10, 14 ಮತ್ತು ಅವುಗಳ ಬಳಗ. ಹಾಗಾದರೆ ಸಮಸಂಖ್ಯೆಗಳೇ ಹೆಚ್ಚೇ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಣಿಕೆ ಸಂಖ್ಯೆಗಳನ್ನು ಅವುಗಳೊಂದಿಗೇ 1 ↔ 2, 2 ↔ 3, 3 ↔ 4 ಎಂದು ಜೋಡಿಸಿದರೆ ಬಲಗಡೆಯ 1 ಒಂಟಿಯಾಗುತ್ತದೆ. ಉಳಿದದ್ದು ಹೆಚ್ಚು ಎಂಬ ನಿಯಮವನ್ನು ನಂಬಿದರೆ ಎಣಿಕೆ ಸಂಖ್ಯೆಗಳು ತಮಗಿಂತ ತಾವೇ ಹೆಚ್ಚು ಎನ್ನಬೇಕಾಗುತ್ತದೆ.

ಗೆಲಿಲಿಯೋ 1638ರಲ್ಲಿ ಎಣಿಕೆ ಸಂಖ್ಯೆಗಳನ್ನು ವರ್ಗಸಂಖ್ಯೆಗಳೊಂದಿಗೆ ಹೀಗೆಯೇ ಜೋಡಿಸಿ, ಇದೇ ಕವಲಿಗೆ ಬಂದು ನಿಂತಿದ್ದ. ಅನಂತಗಳಿಗೆ ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳೇ ಸಲ್ಲುವುದಿಲ್ಲ ಎಂಬುದು ಅವನ ತೀರ್ಮಾನವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ ಆ ಮಾತುಗಳನ್ನು ಕೈಬಿಡಲಿಲ್ಲ, ಅವುಗಳ ಅರ್ಥವನ್ನು ಬಿಗಿಗೊಳಿಸಿದ. ಯಾರನ್ನೂ ಒಂಟಿಯಾಗಿಸದ ಜೋಡಣೆ ಒಂದಾದರೂ ಇದ್ದರೆ ಎರಡು ಗಣಗಳೂ ಸಮ. ಕೆಟ್ಟ ಜೋಡಣೆಗಳು ಎಷ್ಟಿದ್ದರೂ ಅವುಗಳಿಂದ ಏನೂ ಸಿದ್ಧವಾಗುವುದಿಲ್ಲ. ಒಂದು ಗಣ ಇನ್ನೊಂದಕ್ಕಿಂತ ಹೆಚ್ಚು ಎನ್ನಬೇಕಾದರೆ, ಚಿಕ್ಕದರ ಎಲ್ಲ ಸದಸ್ಯರಿಗೂ ದೊಡ್ಡದರಲ್ಲಿ ಜೊತೆ ಸಿಗಬೇಕು ಮತ್ತು ಪೂರ್ಣ ಜೋಡಣೆ ಯಾವ ರೀತಿಯಲ್ಲೂ ಸಾಧ್ಯವಿಲ್ಲವೆಂದು ತೋರಿಸಬೇಕು. ನಮಗೆ n ↔ 2n ಎಂಬ ಪೂರ್ಣ ಜೋಡಣೆ ಸಿಕ್ಕಿರುವುದರಿಂದ ಎಣಿಕೆ ಸಂಖ್ಯೆಗಳೂ ಸಮಸಂಖ್ಯೆಗಳೂ ಸಮ. ಅಂಶವು ಪೂರ್ಣಕ್ಕಿಂತ ಚಿಕ್ಕದು ಎಂಬ ಹಳೆಯ ನಂಬಿಕೆ ಇಲ್ಲಿ ಮುರಿಯುತ್ತದೆ, ಮತ್ತು ಹಾಗೆ ಮುರಿಯುವುದನ್ನೇ ಗಣಿತಜ್ಞ ರಿಚರ್ಡ್ ಡೆಡೆಕಿಂಡ್ 1888ರಲ್ಲಿ ಅನಂತ ಗಣದ ವ್ಯಾಖ್ಯೆಯನ್ನಾಗಿ ಮಾಡಿದ.

ಐದನೆಯ ಹಂತ, ‘ಎಲ್ಲ ಅನಂತಗಳೂ ಒಂದೇ’ ಎಂದವರಿಗೆ ಉತ್ತರ. ಕ್ಯಾಂಟರ್ 1891ರಲ್ಲಿ ಕೊಟ್ಟ ಕರ್ಣದ ವಾದ ಇದಕ್ಕೆ ಬೇಕು. 0 ಮತ್ತು 1ರ ನಡುವಿನ ಎಲ್ಲ ದಶಮಾಂಶ ಸಂಖ್ಯೆಗಳನ್ನೂ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಎಣಿಕೆ ಸಂಖ್ಯೆಗಳಿಗೆ ಜೋಡಿಸಿ ಪಟ್ಟಿ ಮಾಡಿದ್ದೇನೆ ಎಂದು ಯಾರೋ ಹೇಳಿಕೊಂಡರು ಎನ್ನಿ. ಪಟ್ಟಿಯ ಮೊದಲ ನಾಲ್ಕು ಹೀಗಿವೆ:

```
1 ↔ 0.5000...
2 ↔ 0.3333...
3 ↔ 0.1257...
4 ↔ 0.2725...
```

ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಓರೆಯಾಗಿ ಇಳಿಯಿರಿ: 5, 3, 5, 5. ಅಂಕಿ 5 ಆಗಿದ್ದರೆ 6 ಬರೆಯಿರಿ, ಬೇರೆ ಏನಾಗಿದ್ದರೂ 5 ಬರೆಯಿರಿ. ಸಿಗುವುದು 0.6566... ಎಂದು ಸಾಗುವ ಸಂಖ್ಯೆ. ಅದು ಪಟ್ಟಿಯ ಮೊದಲನೆಯದಲ್ಲ, ಏಕೆಂದರೆ ಮೊದಲ ಅಂಕಿ ಬೇರೆ. ನೂರನೆಯದೂ ಅಲ್ಲ, ಏಕೆಂದರೆ ನೂರನೆಯ ಅಂಕಿ ಬೇರೆ. 5 ಮತ್ತು 6ರ ಬದಲಿಗೆ 9 ಮತ್ತು 0ಯನ್ನು ಬಳಸಬೇಡಿ, 0.4999... ಮತ್ತು 0.5000... ಎರಡೂ ಒಂದೇ ಸಂಖ್ಯೆಯಾದ್ದರಿಂದ ವಾದದಲ್ಲಿ ತೂತು ಬೀಳುತ್ತದೆ. ಬಿಟ್ಟುಹೋದ ಸಂಖ್ಯೆಯನ್ನು ಪಟ್ಟಿಯ ತಲೆಗೆ ಸೇರಿಸಿದರಾಯಿತಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಸೇರಿಸಲಿ, ಹೊಸ ಪಟ್ಟಿಗೂ ಅದೇ ಓರೆ ದಾರಿಯಲ್ಲಿ ಇಳಿದರೆ ಬಿಟ್ಟುಹೋದ ಇನ್ನೊಂದು ಸಿಗುತ್ತದೆ. ಇಲ್ಲಿ ಸೋತದ್ದು ಒಂದು ಕೆಟ್ಟ ಜೋಡಣೆಯಲ್ಲ. ಯಾವ ಪಟ್ಟಿಯನ್ನು ತಂದರೂ ಅದಕ್ಕೆ ಇದೇ ಗತಿ, ಆದ್ದರಿಂದ ಈ ದಶಮಾಂಶಗಳು ಎಣಿಕೆ ಸಂಖ್ಯೆಗಳಿಗಿಂತ ನಿಜವಾಗಿಯೂ ಹೆಚ್ಚು.

ಇದನ್ನು ಕಲಿತ ಉತ್ಸಾಹದಲ್ಲಿ ಕೆಲವರು ಸಮಸಂಖ್ಯೆಗಳ ಪಟ್ಟಿಯ ಮೇಲೂ ಅದೇ ಓರೆ ದಾರಿಯನ್ನು ಹಿಡಿದು, ಬಲಗಡೆಯಿಂದ ಒಂದೊಂದು ಸ್ಥಾನದ ಅಂಕಿಯನ್ನು ಬದಲಿಸಿ, ಬಿಟ್ಟುಹೋದ ಸಮಸಂಖ್ಯೆಯೊಂದನ್ನು ಹಿಡಿದೆವು ಎನ್ನುತ್ತಾರೆ. ಹಾಗೆ ಸಿಕ್ಕಿದ್ದನ್ನು ಪೂರ್ತಿ ಬರೆಯಲು ಹೇಳಿ. ಅದು ಎಡಕ್ಕೆ ಕೊನೆಯಿಲ್ಲದೆ ಬೆಳೆಯುತ್ತಲೇ ಹೋಗುವ ಅಂಕಿಗಳ ಸಾಲು; ಪ್ರತಿಯೊಂದು ಸಮಸಂಖ್ಯೆಗೂ, ಅದು ಎಷ್ಟೇ ದೊಡ್ಡದಿರಲಿ, ಅಂಕಿಗಳು ಒಂದು ಕಡೆ ಮುಗಿಯಲೇಬೇಕು. ಆದ್ದರಿಂದ ಅವರು ಹಿಡಿದದ್ದು ಸಮಸಂಖ್ಯೆಯೇ ಅಲ್ಲ, ಪಟ್ಟಿಯಲ್ಲಿ ಅದು ಇಲ್ಲದಿರುವುದು ಪಟ್ಟಿಯ ತಪ್ಪೂ ಅಲ್ಲ.