ಸ್ವೇಡ್ ಬೂಟಿನ ನೀರಿನ ಗೆರೆಯನ್ನು ನೀರಿನಿಂದಲೇ ತೆಗೆಯಬೇಕು

ಕಳೆದ ಆಷಾಢದಲ್ಲಿ ಮೊಮ್ಮಗಳು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ನಮ್ಮ ಮನೆಗೆ ಬಂದಾಗ ಅವಳ ಕಾಲಲ್ಲಿ ತಿಳಿಗಂದು ಬಣ್ಣದ ಹೊಸ ಸ್ವೇಡ್ ಬೂಟುಗಳಿದ್ದವು. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಬರುವಷ್ಟರಲ್ಲಿ ಎಡಗಾಲಿನ ಬೂಟಿನ ಮೂತಿಗೆ ಕೆಂಪು ರಾಡಿ ಮೆತ್ತಿಕೊಂಡಿತ್ತು, ಬಲಗಾಲಿನದರ ಮೇಲೆ ಮಳೆಯ ದಪ್ಪ ಹನಿಗಳು ಬಿದ್ದಿದ್ದವು. ನಾನು ಕಾಲಿಗೆ ಬಿಸಿನೀರು ತೋಡಿಕೊಟ್ಟು ಬರುವಷ್ಟರಲ್ಲಿ ಅವಳು ಒದ್ದೆ ಬಟ್ಟೆಯಿಂದ ರಾಡಿಯನ್ನು ತಿಕ್ಕಿ ತಿಕ್ಕಿ ಒರೆಸಿ, ಎರಡೂ ಬೂಟುಗಳನ್ನು ಬಚ್ಚಲ ಒಲೆಯ ಬಾಯಿಗೆ ಒಣಗಲು ಇಟ್ಟುಬಿಟ್ಟಿದ್ದಳು. ಮಾಡಬಾರದ ಎರಡು ಕೆಲಸಗಳನ್ನು ಹತ್ತೇ ನಿಮಿಷದಲ್ಲಿ ಮಾಡಿದ್ದಳು. ಇದೇ ತಪ್ಪನ್ನು ಅವಳ ಅಣ್ಣನೂ ಮಾಡಿದ್ದಾನೆ, ನೆರೆಮನೆಯ ಹುಡುಗರೂ ಮಾಡಿದ್ದಾರೆ. ಅದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಚರ್ಮದ ಒಳಮೈಯನ್ನು ಉಜ್ಜಿ ನವಿರೆಬ್ಬಿಸಿದ್ದು ಸ್ವೇಡ್, ಹೊರಮೈಯನ್ನೇ ಸಣ್ಣಗೆ ಉಜ್ಜಿ ಮಾಡಿದ್ದು ನ್ಯೂಬಕ್. ನ್ಯೂಬಕ್ಕಿನ ನವಿರು ಬಹಳ ಗಿಡ್ಡ, ಆದ್ದರಿಂದ ಅದರ ಮೇಲೆ ಕೈ ಇನ್ನೂ ಹಗುರಾಗಿರಬೇಕು. ಎರಡಕ್ಕೂ ಹೊಳಪಿನ ಮೇಲ್ಪದರವಿಲ್ಲ. ಒದ್ದೆ ರಾಡಿಯನ್ನು ತಿಕ್ಕಿದರೆ ನಮ್ಮ ಕೆಂಪು ಮಣ್ಣಿನ ನುಣುಪಾದ ಕಣಗಳು ನವಿರಿನ ಬುಡಕ್ಕೆ ಇಳಿದು ಕೂರುತ್ತವೆ. ರಾಡಿಯನ್ನು ಮುಟ್ಟದೆ ಒಂದು ರಾತ್ರಿ, ಮಳೆಗಾಲವಾದರೆ ಎರಡು ರಾತ್ರಿ, ಹಾಗೆಯೇ ಬಿಡಬೇಕು. ಪೂರ್ತಿ ಒಣಗಿದ ಮೇಲೆ ಹೆಂಟೆಯನ್ನು ಬೆರಳಿನಿಂದ ಉದುರಿಸಿ, ಉಳಿದ ಧೂಳನ್ನು ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೊಡವಿ, ಕೊನೆಗೆ ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಬೇಕು. ಮೊಮ್ಮಗಳ ಎಡ ಬೂಟಿನಲ್ಲಿ ಇಷ್ಟೆಲ್ಲ ಮಾಡಿದರೂ ಒಂದು ನಸುಗೆಂಪು ಛಾಯೆ ಉಳಿಯಿತು. ನಮ್ಮ ಮಣ್ಣಿನ ಕೆಂಪೆಂದರೆ ಕಬ್ಬಿಣದ ತುಕ್ಕಿನ ಕೆಂಪು. ಅದು ಒಮ್ಮೆ ಒಳಗಿಳಿದರೆ ಮನೆಯ ಉಪಾಯಗಳಿಗೆ ಬಗ್ಗುವುದಿಲ್ಲ.

ಬಲ ಬೂಟಿನದು ಬೇರೆ ಕಥೆ. ಹನಿ ಬಿದ್ದಲ್ಲಿ ಮೊದಲು ಕಪ್ಪಾಗಿ, ಒಣಗುತ್ತಾ ಬಂದಂತೆ ನಡುಭಾಗ ತಿಳಿಯಾಗಿ, ಅಂಚಿನಲ್ಲಿ ಗಾಢವಾದ ಉಂಗುರ ಮೂಡಿತು. ಹನಿಯು ಚರ್ಮದಲ್ಲಿದ್ದ ಬಣ್ಣ, ಹದಮಾಡಿದಾಗಿನ ಒಗರು, ಧೂಳು ಎಲ್ಲವನ್ನೂ ಕರಗಿಸಿಕೊಂಡು ಹರಡುತ್ತದೆ. ನೀರು ಆರಿಹೋಗುವ ಅಂಚಿನಲ್ಲಿ ಅವೆಲ್ಲ ಗೆರೆಯಾಗಿ ಉಳಿಯುತ್ತವೆ. ಈ ಉಂಗುರವನ್ನಷ್ಟೇ ಒದ್ದೆ ಮಾಡಿ ತಿಕ್ಕುವವರು ಅದರ ಹೊರಗೆ ಇನ್ನೊಂದು ದೊಡ್ಡ ಉಂಗುರವನ್ನು ಬರೆದುಕೊಳ್ಳುತ್ತಾರೆ. ಮಾಡಬೇಕಾದದ್ದು ಇಷ್ಟೇ: ನೀರಿಗೆ ಅಂಚೇ ಇಲ್ಲದಂತೆ, ಹೊಲಿಗೆಯಿಂದ ಹೊಲಿಗೆಯವರೆಗೆ ಆ ಇಡೀ ತುಂಡನ್ನು ಒಂದೇ ಸಮನಾಗಿ ತೇವ ಮಾಡುವುದು.

ಮೊದಲು ಬಿಳಿ ಬಟ್ಟೆಯ ತುದಿಯನ್ನು ಒದ್ದೆ ಮಾಡಿ ಬೂಟಿನ ನಾಲಗೆಯ ಒಳಮೈಗೆ ಒತ್ತಿ ನೋಡಬೇಕು. ಬಟ್ಟೆಗೆ ಬಣ್ಣ ಧಾರಾಳವಾಗಿ ಹತ್ತಿದರೆ ಆ ಬೂಟಿಗೆ ಈ ಕೆಲಸ ಬೇಡ. ಹತ್ತದಿದ್ದರೆ ಮುಂದುವರಿಯಬಹುದು. ಉಪ್ಪಿನಂಶವಿರುವ ನೀರು ಒಣಗಿದ ಮೇಲೆ ತನ್ನದೇ ಬಿಳಿ ಗೆರೆ ಬಿಡುತ್ತದೆಯಾದ್ದರಿಂದ ಸಮುದ್ರದ ಪಕ್ಕದ ಬಾವಿಗಳ ನೀರು ಇದಕ್ಕೆ ಆಗದು. ನಾನು ನಾಲ್ಕು ಮಳೆ ಹೋದ ಮೇಲೆ ಅಂಗಳದ ನಡುವೆ ಸ್ಟೀಲ್ ಪಾತ್ರೆಯಿಟ್ಟು ಹಿಡಿದ ನೀರನ್ನು ಬಳಸುತ್ತೇನೆ. ಹಂಚಿನಿಂದ ಇಳಿದ ನೀರು ಬೇಡ. ಸ್ಪಂಜನ್ನು ಅದ್ದಿ, ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಹಿಂಡಿಕೊಳ್ಳಬೇಕು. ಎಲ್ಲರೂ ಕಲೆಯಿಂದ ಶುರು ಮಾಡುತ್ತಾರೆ, ಅದು ತಪ್ಪು. ಕಲೆಯಿಂದ ದೂರದ ಹೊಲಿಗೆಯ ಬದಿಯಿಂದ ಆರಂಭಿಸಿ, ಉಜ್ಜದೆ ಒತ್ತುತ್ತಾ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಬರುವಂತೆ ಸಾಗಿ, ಉಂಗುರದ ಹತ್ತಿರ ಕೊನೆಗೆ ಬರಬೇಕು. ಉಂಗುರದ ಗೆರೆಯ ಮೇಲೆ ಮಾತ್ರ ಹಸಿ ನವಿರನ್ನು ಬ್ರಶ್ಶಿನಿಂದ ನಾಲ್ಕು ಸಲ ಮೃದುವಾಗಿ ತೀಡಿ, ಕೂಡಲೇ ಹಳೆಯ ಬಿಳಿ ಪಂಚೆಯ ತುಂಡಿನಿಂದ ಇಡೀ ಮೈಯನ್ನು ಒತ್ತಿ ಒತ್ತಿ ನೀರೆಳೆಯಬೇಕು. ಚರ್ಮವೆಲ್ಲ ಒಂದೇ ಗಾಢ ಬಣ್ಣಕ್ಕೆ ಬಂದು ಉಂಗುರ ಕಣ್ಣಿಗೆ ಕಾಣದಂತಾದರೆ ಕೆಲಸ ಸರಿಯಾಗಿದೆ. ಕಲೆಯಿಲ್ಲದ ಜೊತೆ ಬೂಟಿಗೂ ಇದನ್ನೇ ಮಾಡಬೇಕು. ಇಲ್ಲವಾದರೆ ಎರಡರ ಬಣ್ಣ ಹೊಂದುವುದಿಲ್ಲ.

ಒಳಗೆ ಬಿಳಿ ಕಾಗದವನ್ನು ಉಂಡೆ ಮಾಡಿ ತುಂಬಿ, ಆಕಾರ ನಿಲ್ಲಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ಅಚ್ಚಾದ ಪತ್ರಿಕೆಯ ಮಸಿ ತಿಳಿಬಣ್ಣದ ಚರ್ಮಕ್ಕೆ ಹತ್ತುವುದುಂಟು. ಒಲೆ, ಬಿಸಿಲು, ಕೂದಲೊಣಗಿಸುವ ಯಂತ್ರ ಯಾವುದೂ ಕೂಡದು. ಹಸಿ ಚರ್ಮಕ್ಕೆ ಬಿಸಿ ತಾಗಿದರೆ ಅದರ ನಾರುಗಳು ಕುಗ್ಗಿ ಸೆಟೆದುಕೊಳ್ಳುತ್ತವೆ, ಆಮೇಲೆ ಎಷ್ಟು ತೀಡಿದರೂ ಮೆತ್ತಗಾಗುವುದಿಲ್ಲ. ಅರ್ಧ ಒಣಗಿದಾಗ ನವಿರು ಅಂಟಿಕೊಳ್ಳದಂತೆ ಒಂದೇ ದಿಕ್ಕಿಗೆ ಒಮ್ಮೆ ತೀಡಿ ಬಿಡಬೇಕು. ಪೂರ್ತಿ ಒಣಗಿತೇ ಎಂದು ತಿಳಿಯಲು ಕೈಯನ್ನು ನಂಬಬೇಡಿ, ಕೆನ್ನೆಗೆ ತಾಗಿಸಿ ನೋಡಿ; ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ. ಮಳೆಗಾಲದಲ್ಲಿ ನಮ್ಮ ಆಯಿ ಬಾಣಂತಿ ಕೋಣೆಯ ಬಟ್ಟೆಗಳನ್ನು ಹೀಗೆಯೇ ಒಂದೊಂದಾಗಿ ಕೆನ್ನೆಗೆ ಹಿಡಿದು ನೋಡಿ, ಸ್ವಲ್ಪ ತಣ್ಣಗೆ ಕಂಡರೂ ಮತ್ತೆ ಗಳಕ್ಕೆ ಹಾಕುತ್ತಿದ್ದಳು. ಈಗಿನವರು ಅರೆ ಒಣಗಿದ ಹತ್ತಿ ಸೀರೆಗೆ ಇಸ್ತ್ರಿ ತಾಗಿಸಿ, ಬೆಚ್ಚಗಿದ್ದದ್ದನ್ನೇ ಒಣಗಿದ್ದೆಂದು ತಿಳಿದು ಕಪಾಟಿನಲ್ಲಿಟ್ಟು, ಆಮೇಲೆ ಬೂಸಲು ಬಂತೆಂದು ಕಪಾಟನ್ನು ದೂರುತ್ತಾರೆ. ನಮ್ಮ ಬೂಟುಗಳು ಆ ಮಳೆಯಲ್ಲಿ ಕೆನ್ನೆಗೆ ತಣ್ಣಗಾಗದಂತೆ ಒಣಗಲು ಮೂರು ದಿನ ಹಿಡಿಯಿತು. ಬಳಿಕ ಎರಡೂ ದಿಕ್ಕಿಗೆ ಬ್ರಶ್ಶಾಡಿಸಿ ಕೊನೆಗೆ ಒಂದೇ ಕಡೆಗೆ ಮಲಗಿಸಿದಾಗ, ಉಂಗುರ ಎಲ್ಲಿತ್ತೆಂದು ಅವಳಿಗೇ ತೋರಿಸಲಾಗಲಿಲ್ಲ.

ಎಣ್ಣೆಯ ಕಲೆಗೆ ಮಾತ್ರ ಮೊದಲು ನೀರನ್ನು ತೋರಿಸಲೇಬಾರದು. ಮಾರಿಕಾಂಬಾ ಜಾತ್ರೆಯಲ್ಲಿ ಸೊಸೆಯ ನ್ಯೂಬಕ್ ಕೈಚೀಲಕ್ಕೆ ಬಜ್ಜಿಯ ಎಣ್ಣೆ ತಾಗಿದಾಗ ಅವಳು ಅಲ್ಲಿಯೇ ನಲ್ಲಿಯ ನೀರಿಗೆ ಕೈ ಹಾಕಹೊರಟಿದ್ದಳು, ನಾನು ತಡೆದೆ. ಕಾಗದದಿಂದ ಒತ್ತಿ ಮೇಲಿನ ಎಣ್ಣೆಯನ್ನು ತೆಗೆದು, ಮನೆಗೆ ಬಂದ ಮೇಲೆ ಕಲೆ ಮುಚ್ಚುವಷ್ಟು ಟಾಲ್ಕಂ ಪೌಡರನ್ನು ಗುಡ್ಡೆ ಹಾಕಿ, ತಿಕ್ಕದೆ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಪುಡಿ ಗಂಟುಗಂಟಾಗಿ ಜಿಡ್ಡುಗಟ್ಟಿದ್ದರೆ ಎಣ್ಣೆ ಬರುತ್ತಿದೆ ಎಂದರ್ಥ. ಅದನ್ನು ಕೊಡವಿ ಮತ್ತೆ ಹೊಸ ಪುಡಿ ಹಾಕಬೇಕು. ಮೂರನೆಯ ಸಲ ಪುಡಿ ಹಾಕಿದ ಹಾಗೆಯೇ ಒಣಗಿ ಉಳಿಯಿತು, ಕಲೆಯೂ ಮಾಸಿತ್ತು. ಪುಡಿಯ ಬದಲು ಕಡಲೆಹಿಟ್ಟು ಹಾಕುವವರಿದ್ದಾರೆ. ಅದು ನವಿರಿನಲ್ಲಿ ಉಳಿದು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ತಾಗಿದ್ದರೆ, ಅದು ಕರಗುವ ಮೊದಲೇ ಚಮಚದ ಅಂಚಿನಿಂದ ಎತ್ತಿಬಿಡಬೇಕು.

ಚೀಲದ ಹಿಡಿಕೆಯಲ್ಲಿ ವರ್ಷಗಟ್ಟಲೆ ಕೈಬೆವರು ಮತ್ತು ಜಿಡ್ಡು ಕೂತು ಕಪ್ಪಾಗಿ ಹೊಳೆಯುತ್ತಿದ್ದರೆ ಪುಡಿ ಏನೂ ಮಾಡದು. ಸ್ವೇಡ್ ಆದರೆ ಅತಿ ಸಣ್ಣ ಕಣದ ಉಪ್ಪುಕಾಗದದಿಂದ ಮೇಲ್ಮೇಲೆ ಎರಡು ಸಲ ಸವರಿ ನವಿರೆಬ್ಬಿಸಬಹುದು. ನ್ಯೂಬಕ್ ಆದರೆ ರಬ್ಬರಿನಾಚೆಗೆ ಏನನ್ನೂ ಮುಟ್ಟಿಸಬಾರದು, ಅದರ ನವಿರು ಒಮ್ಮೆ ಸವೆದರೆ ಮತ್ತೆ ಎಬ್ಬಿಸಲು ಬರುವುದಿಲ್ಲ.