ಕುಲುಕಬೇಡಿ, ಉರುಳಿಸಿ: ಬಿಳಿ ಇನ್ಸುಲಿನ್ ಬಾಟಲಿ ಮತ್ತು ನನ್ನ ಅನುಭವ

ಎನ್‌ಪಿಎಚ್ ಇನ್ಸುಲಿನ್ ಬಾಟಲಿಯನ್ನು ರಾತ್ರಿ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟು ಬೆಳಿಗ್ಗೆ ನೋಡಿದರೆ ಒಳಗೆ ಎರಡು ಪದರ ಕಾಣುತ್ತದೆ. ಮೇಲೆ ತಿಳಿನೀರು, ತಳದಲ್ಲಿ ಬಿಳಿ ಗಸಿ. ನಾನು ನರ್ಸ್. ಸಕ್ಕರೆ ಕಾಯಿಲೆಯವರಿಗೆ ತಾವೇ ಇಂಜೆಕ್ಷನ್ ಹಾಕಿಕೊಳ್ಳುವುದನ್ನು ಹೇಳಿಕೊಡುವುದು ನನ್ನ ದಿನದ ಕೆಲಸ. ಸೂಜಿ ಹಿಡಿಯುವುದನ್ನು ಕಲಿಸುವ ಮೊದಲೇ ನಾನು ಈ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತೇನೆ. ಔಷಧಿ ಇರುವುದು ಆ ಗಸಿಯಲ್ಲಿ. ಮೇಲಿನ ತಿಳಿಯಲ್ಲಿ ಇಲ್ಲವೆಂದರೂ ಸರಿಯೇ.

ಇದನ್ನು ಹೀಗೆ ಮಾಡಿರುವುದು ಬೇಕೆಂದೇ. 1946ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಅವರ ಪ್ರಯೋಗಾಲಯದಲ್ಲಿ ಇನ್ಸುಲಿನ್ನಿಗೆ ಪ್ರೋಟಮೀನ್ ಎಂಬ ಪ್ರೋಟೀನನ್ನೂ ಚೂರು ಸತುವನ್ನೂ ಸೇರಿಸಿ ಹರಳು ಕಟ್ಟಿಸಿದರು. ಚರ್ಮದಡಿ ಈ ಹರಳು ನಿಧಾನವಾಗಿ ಕರಗುವುದರಿಂದಲೇ ರಾತ್ರಿ ಹಾಕಿದ್ದು ಬೆಳಗಿನವರೆಗೂ ಕೆಲಸ ಮಾಡುತ್ತದೆ. ಆದರೆ ಹರಳು ನೀರಿಗಿಂತ ಭಾರ. ಬಾಟಲಿ ಸುಮ್ಮನೆ ನಿಂತಿತೆಂದರೆ ತಳ ಸೇರುತ್ತದೆ.

ನನಗೆ ಈ ವಿಷಯವನ್ನು ಪೂರ್ತಿ ಮನದಟ್ಟು ಮಾಡಿಸಿದವರು ಹಳ್ಳಿಯಿಂದ ಬರುತ್ತಿದ್ದ ಒಬ್ಬ ತಾತ. ರಾತ್ರಿ ಮಲಗುವ ಮುಂಚೆ 12 ಯೂನಿಟ್ ಹಾಕಿಕೊಳ್ಳುತ್ತಿದ್ದರು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 200ರ ಮೇಲೇ ಇರುತ್ತಿದ್ದುದರಿಂದ ಡಾಕ್ಟರು 16ಕ್ಕೆ ಏರಿಸಿದ್ದರು. ಮುಂದಿನ ಸಲ ಬಂದಾಗ ಸೊಸೆ ಬೇರೆಯೇ ದೂರು ಹೇಳಿದಳು: "ನಡುರಾತ್ರಿ ಮೈಯೆಲ್ಲ ಬೆವೆತು ನಡುಗ್ತಾರೆ ಸಿಸ್ಟರ್, ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋಗ್ತಾರೆ." ಅವಳು ಕ್ಯಾಲೆಂಡರಿನಲ್ಲಿ ಎಲ್ಲ ಗುರುತು ಹಾಕಿದ್ದಳು. ಹೊಸ ಬಾಟಲಿ ತೆಗೆದ ಮೊದಲ ವಾರಗಳಲ್ಲಿ ಸಕ್ಕರೆ ಹೆಚ್ಚು, ಬಾಟಲಿ ಮುಗಿಯುತ್ತ ಬಂದಾಗ ಬೆವರು. ಊಟವೂ ಅದೇ, ಯೂನಿಟ್ಟೂ ಅದೇ.

"ತಾತ, ಮನೇಲಿ ಹೇಗೆ ತಗೋತೀರೋ ಹಾಗೇ ಒಂದ್ಸಲ ತೋರಿಸಿ" ಅಂದೆ. ಬಾಟಲಿಯನ್ನು ಮೆಲ್ಲಗೆ ಎತ್ತಿ, ತಲೆಕೆಳಗು ಮಾಡಿ, ಸೂಜಿ ಚುಚ್ಚಿ ಎಳೆದರು. ಸಿರಿಂಜಿನೊಳಗೆ ಬಂದದ್ದು ಹೆಚ್ಚುಕಡಿಮೆ ತಿಳಿನೀರು. "ಅಲ್ಲಾಡಿಸಬಾರದು ಅಂದಿದ್ರಲ್ಲ, ಅದಕ್ಕೇ ಜೋಪಾನವಾಗಿ ಎತ್ತೋದು" ಅಂದರು ತಾತ. ಹೇಳಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಕುಲುಕಬಾರದು ಎಂದು ಹೇಳಿದವರು ಉರುಳಿಸಬೇಕು ಎಂದು ಹೇಳಿರಲಿಲ್ಲ.

ಲೆಕ್ಕ ಹಾಕಿದರೆ ಅವರಿಗೆ ಆಗುತ್ತಿದ್ದುದು ತಿಳಿಯುತ್ತದೆ. ನಮ್ಮಲ್ಲಿ ಸಿಗುವ, ಮಿಲಿಗೆ 40 ಯೂನಿಟ್ಟಿನ ಬಾಟಲಿಯಲ್ಲಿ 10 ಮಿಲಿಗೆ ಒಟ್ಟು 400 ಯೂನಿಟ್. ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 16ರ ಗೆರೆಗೆ ಎಳೆದರೆ 0.4 ಮಿಲಿ. ಬಾಟಲಿ ತಲೆಕೆಳಗಾದಾಗ ಗಸಿ ಮೇಲಿನ ತುದಿಯಲ್ಲೇ ಉಳಿದು, ರಬ್ಬರಿನ ಬಳಿಯ ಸೂಜಿಗೆ ತಿಳಿಯೇ ಸಿಗುತ್ತದೆ. ಬಂದದ್ದರಲ್ಲಿ ಇರಬೇಕಾದ ಔಷಧಿಯ ಅರ್ಧ ಮಾತ್ರ ಇತ್ತು ಎಂದುಕೊಳ್ಳೋಣ. ಆಗ 16ರ ಗೆರೆಯಲ್ಲಿ ಒಳಹೋಗುವುದು 8 ಯೂನಿಟ್. ಹೀಗೇ 5 ಮಿಲಿ ಖಾಲಿಯಾಗುವ ಹೊತ್ತಿಗೆ ಹೊರಬಂದದ್ದು 100 ಯೂನಿಟ್, ಉಳಿದ 5 ಮಿಲಿಯಲ್ಲಿ 300 ಯೂನಿಟ್. ಅಂದರೆ ಮಿಲಿಗೆ 60. ಇನ್ನು ಅದೇ 16ರ ಗೆರೆಯಲ್ಲಿ 24 ಯೂನಿಟ್ ಒಳಹೋಗಬಹುದು. ಮೊದಲು ಸಕ್ಕರೆ ಏರಿದ್ದೂ ಆಮೇಲೆ ಬೆವೆತದ್ದೂ ಒಂದೇ ಕಾರಣಕ್ಕೆ.

ಇದು ಈ ತಾತನ ಒಬ್ಬರ ಕಥೆಯಲ್ಲ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ರೋಗಿಗಳು ಬಳಸುತ್ತಿದ್ದ ಇನ್ಸುಲಿನ್ ಪೆನ್ನುಗಳನ್ನು ಪರೀಕ್ಷಿಸಿತ್ತು. ಕೆಲವದರಲ್ಲಿ ಎನ್‌ಪಿಎಚ್ ಇರಬೇಕಾದುದರ ಶೇ. 5ರಷ್ಟಿತ್ತು, ಕೆಲವದರಲ್ಲಿ ಎರಡರಷ್ಟಕ್ಕೂ ಹೆಚ್ಚಿತ್ತು.

ನಾನು ವಿವರಿಸುತ್ತಿರುವಾಗಲೇ ಜೊತೆಗೆ ಬಂದಿದ್ದ ಮೊಮ್ಮಗ ಬಾಟಲಿ ತೆಗೆದುಕೊಂಡು ಕೆಮ್ಮಿನ ಸಿರಪ್ಪಿನ ಶೀಶೆ ಕುಲುಕುವಂತೆ ಜೋರಾಗಿ ಕುಲುಕಿಬಿಟ್ಟ. ಗಸಿಯೇನೋ ಹರಡಿತು, ಆದರೆ ಮೇಲೆಲ್ಲ ನೊರೆ. ಅದರಿಂದ ಎಳೆದರೆ ಸಿರಿಂಜಿನ ತುಂಬ ಸಣ್ಣ ಗುಳ್ಳೆಗಳು, ಗುಳ್ಳೆ ಇದ್ದಷ್ಟು ಜಾಗದಲ್ಲಿ ಔಷಧಿ ಇಲ್ಲ. ಬೆರಳಿಂದ ತಟ್ಟಿ ತಟ್ಟಿ ಗುಳ್ಳೆ ಹೊರಡಿಸುವಷ್ಟರಲ್ಲಿ ಹರಳು ಮತ್ತೆ ಕೆಳಗಿಳಿಯಲು ಶುರುವಾಗುತ್ತದೆ.

ಕುಲುಕುವುದರ ಇನ್ನೊಂದು ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಇನ್ಸುಲಿನ್ನೂ ಒಂದು ಪ್ರೋಟೀನು. ನೀರು, ಗಾಳಿ ಸೇರುವ ಮೇಲ್ಮೈಯಲ್ಲಿ ಅದರ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ನೊರೆ ಎಂದರೆ ಅಂಥ ಮೇಲ್ಮೈಯೇ. ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು, ಹಾಗಾಗಿ ಅರ್ಧ ಮುಗಿದ ಬಾಟಲಿಯನ್ನು ಕುಲುಕುವುದು ಇನ್ನೂ ಕೆಟ್ಟದ್ದು. ಒಂದು ಸಲ ಕುಲುಕಿದ ಮಾತ್ರಕ್ಕೆ ಬಾಟಲಿ ಹಾಳಾಯಿತು ಎಂದು ನಾನು ಹೆದರಿಸುವುದಿಲ್ಲ. ದಿನಾ ಕುಲುಕಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಮಾತ್ರ ಅದನ್ನು ನಂಬುವಂತಿಲ್ಲ.

ಆ ದಿನ ತಾತನ ಕೈಯಲ್ಲೇ ಮಾಡಿಸಿದೆ. ಬಾಟಲಿ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟದ್ದಾಗಿರಲಿ, ತಣ್ಣಗಿದ್ದಾಗ ಗಸಿ ಬೇಗ ಬಿಡುವುದಿಲ್ಲ. ಅಡ್ಡ ಹಿಡಿದು ಎರಡು ಅಂಗೈ ನಡುವೆ ಬತ್ತಿ ಹೊಸೆಯುವಂತೆ 10 ಸಲ ಉರುಳಿಸಬೇಕು. ಆಮೇಲೆ ನಿಧಾನವಾಗಿ ತಲೆಕೆಳಗು, ಮತ್ತೆ ನೆಟ್ಟಗೆ, ಹೀಗೆ 10 ಸಲ. ಉರುಳಿಸುವುದೊಂದನ್ನೇ ಮಾಡಿದರೆ ತಳದ ಮೂಲೆಯಲ್ಲಿ ಗಸಿ ಉಳಿದುಬಿಡುತ್ತದೆ, ತಿರುಗಿಸಿದಾಗಲೇ ಅದು ಏಳುವುದು. ಎಣಿಕೆ ಮುಗಿದರೂ ಕೊನೆಯ ತೀರ್ಮಾನ ಕಣ್ಣಿನದು. ಬೆಳಕಿಗೆ ಹಿಡಿದಾಗ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಬಿಳುಪು ಕಾಣಬೇಕು. ಮೇಲೆ ತಿಳಿಯ ಗೆರೆಯೋ ತಳದಲ್ಲಿ ಬಿಳಿ ಚೂರೋ ಕಂಡರೆ ಇನ್ನೂ ಹತ್ತು ಸಲ. ಅಷ್ಟಾದರೂ ಗಂಟು ತೇಲುತ್ತಿದ್ದರೆ, ಇಲ್ಲವೇ ಗಾಜಿನ ಒಳಮೈಗೆ ಮಂಜಿನಂತೆ ಪುಡಿ ಅಂಟಿದ್ದರೆ ಆ ಬಾಟಲಿ ಬೇಡ, ಹೊಸದು ತೆಗೆಯಬೇಕು. ಸಿರಿಂಜಿಗೆ ಎಳೆದ ಮೇಲೆ ತಡಮಾಡದೆ ಹಾಕಿಕೊಳ್ಳಬೇಕು.

ಇಷ್ಟು ಕಲಿಸಿ ಹಾಗೇ ಮನೆಗೆ ಕಳಿಸಿದ್ದರೆ ಅಪಾಯವಾಗುತ್ತಿತ್ತು. ತಾತನ 16 ಯೂನಿಟ್ ನಿಗದಿಯಾದದ್ದು ತಿಳಿನೀರಿನ ಆಧಾರದ ಮೇಲೆ. ಅದೇ ಗೆರೆಯಲ್ಲಿ ಇನ್ನು ಪೂರ್ತಿ ಔಷಧಿ ಹೋದರೆ ರಾತ್ರಿ ಸಕ್ಕರೆ ಇಳಿಯಬಹುದು. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮತ್ತೆ 12ಕ್ಕೆ ಇಳಿಸಿ, ಕೆಲವು ದಿನ ಬೆಳಗಿನ ಜಾವ 3 ಗಂಟೆಗೂ ಖಾಲಿ ಹೊಟ್ಟೆಯಲ್ಲೂ ಸಕ್ಕರೆ ನೋಡಲು ಹೇಳಿದರು, ಹೊಸ ಬಾಟಲಿಯನ್ನೂ ಬರೆದುಕೊಟ್ಟರು. ಇಷ್ಟು ದಿನ ಬೆರೆಸದೆ ಹಾಕಿಕೊಂಡವರು ಯಾರೇ ಆಗಲಿ, ಸರಿಯಾಗಿ ಬೆರೆಸಲು ಶುರುಮಾಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಲೇಬೇಕು. ತಾತನಿಗೆ 12 ಯೂನಿಟ್ಟೇ ಸಾಕಾಯಿತು. ಆ ಬಾಟಲಿಯ ಕೊನೆಯ ದಿನಗಳಲ್ಲಿ ಬೆವರು ಬರಲಿಲ್ಲ.

30/70 ಮಿಶ್ರಣ ಬಳಸುವವರಿಗೂ ಇದೇ ಕ್ರಮ, ಅಲ್ಲಿ ಮಾತ್ರ ತೊಂದರೆಯ ರೂಪ ಬೇರೆ. ಬೇಗ ಕೆಲಸ ಮಾಡುವ 30 ಭಾಗ ತಿಳಿಯಲ್ಲೇ ಕರಗಿರುತ್ತದೆ, ಉಳಿದ 70 ಭಾಗ ಎನ್‌ಪಿಎಚ್. ಬೆರೆಸದೆ ಎಳೆದರೆ ಅದರ ಪಾಲು ಹೆಚ್ಚಾಗಿ ಊಟವಾದ ಕೆಲವು ಗಂಟೆಗಳಲ್ಲಿ ಸಕ್ಕರೆ ಇಳಿದು, ಆಮೇಲೆ ಏರಿಬಿಡಬಹುದು. ಗ್ಲಾರ್ಜಿನ್ನಿನಂಥ ತಿಳಿ ಇನ್ಸುಲಿನ್ನಿಗೆ ಬೆರೆಸುವ ಕೆಲಸವೇ ಇಲ್ಲ, ಅದು ಕಲಕಿದಂತೆ ಕಂಡರೆ ಬಳಸಬಾರದು.

ಪೆನ್ನಿನಲ್ಲಿ ಹಾಕಿಕೊಳ್ಳುವವರು ಕಾರ್ಟ್ರಿಜ್ಜಿನೊಳಗಿನ ಪುಟ್ಟ ಗಾಜಿನ ಗುಂಡನ್ನು ಗಮನಿಸಿ. ಪೆನ್ನನ್ನು ಉರುಳಿಸಿ, ಮೇಲೆ ಕೆಳಗೆ ತಿರುಗಿಸುವಾಗ ಆ ಗುಂಡು ಈ ತುದಿಯಿಂದ ಆ ತುದಿಗೆ ಪೂರ್ತಿ ಓಡಬೇಕು, ಗಸಿಯನ್ನು ಎಬ್ಬಿಸುವುದು ಅದೇ. ಕೊನೆಯಲ್ಲಿ 12 ಯೂನಿಟ್ಟಿಗಿಂತ ಕಡಿಮೆ ಉಳಿದಾಗ ಗುಂಡಿಗೆ ಓಡಲು ಜಾಗ ಸಾಲದು. ಆಗ ಹೊಸ ಕಾರ್ಟ್ರಿಜ್ ಹಾಕಿ ಎಂದೇ ನಾನು ಹೇಳುವುದು.