ಓನರ್‌ಗೆ ನಲ್ಲಿ ವಿಷಯ ಬರೆದದ್ದು ಹೀಗೆ

‘ನಲ್ಲಿ ಲೀಕ್ ಆಗ್ತಿದೆ ಸರ್’ ಅಂತ ಮನೆ ಓನರ್‌ಗೆ ಮೆಸೇಜ್ ಹಾಕಿದರೆ ಬರುವ ಉತ್ತರ ಗೊತ್ತೇ ಇದೆ: ‘ಒಂದು ವಾಷರ್ ಹಾಕಿಸ್ಕೊಳ್ಳಿ.’ ಅವರನ್ನು ಅಂದು ಪ್ರಯೋಜನವಿಲ್ಲ. ಯಾವ ನಲ್ಲಿ, ಅದರ ಯಾವ ಜಾಗದಿಂದ ನೀರು ಬರುತ್ತಿದೆ ಅಂತ ನಾವು ಹೇಳಿರುವುದೇ ಇಲ್ಲ. ಹಾಗಾಗಿ ನಮ್ಮ ಬಚ್ಚಲುಮನೆ ನಲ್ಲಿ ಸೋರತೊಡಗಿದಾಗ, ಬರೆಯುವ ಮುಂಚೆ ಅದನ್ನೇ ನೋಡಿಕೊಂಡೆ.

ನಲ್ಲಿ ಸೋರುವುದು ಸಾಮಾನ್ಯವಾಗಿ ಮೂರು ಕಡೆ. ಬಿಗಿಯಾಗಿ ನಿಲ್ಲಿಸಿದರೂ ಮೂತಿಯಿಂದ ತೊಟ್ಟಿಕ್ಕುತ್ತಿದ್ದರೆ ಒಳಗಿನ ವಾಷರ್ ಸವೆದಿದೆ. ನಲ್ಲಿ ಬಿಟ್ಟಾಗ ಮಾತ್ರ ಹಿಡಿಯ ಬುಡದಲ್ಲಿ ನೀರು ಜಿನುಗಿದರೆ ತಿರುಗುವ ಕಡ್ಡಿಯ ಸುತ್ತಲಿನ ಪ್ಯಾಕಿಂಗ್ ಹೋಗಿದೆ. ಇವೆರಡೂ ಸಣ್ಣ ಕೆಲಸ. ಮೂರನೆಯದು ಗೋಡೆಯ ಹತ್ತಿರ, ನಲ್ಲಿ ಪೈಪಿಗೆ ಸೇರುವ ಜಾಯಿಂಟಿನಲ್ಲಿ. ಅಲ್ಲಿ ನೀರಿನ ಒತ್ತಡ ಸದಾ ಇರುವುದರಿಂದ ನಲ್ಲಿ ನಿಲ್ಲಿಸಿದ್ದರೂ ಬಿಟ್ಟಿದ್ದರೂ ಸೋರುತ್ತಲೇ ಇರುತ್ತದೆ.

ಕಣ್ಣಿಗೆ ಇದು ಸುಲಭಕ್ಕೆ ಗೊತ್ತಾಗುವುದಿಲ್ಲ. ಜಾಯಿಂಟಿನಿಂದ ಬಂದ ಹನಿ ನಲ್ಲಿಯ ಅಡಿಯಲ್ಲೇ ಹರಿದು ಬಂದು ಮೂತಿಯ ಹತ್ತಿರ ಬೀಳುತ್ತದೆ. ನಾನು ನಲ್ಲಿಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹಳೆ ಪೇಪರಿನ ಪಟ್ಟಿಗಳನ್ನು ಮೂರೂ ಕಡೆ ಸುತ್ತಿದೆ. ಗೋಡೆ ಕಡೆಯದೇ ಮೊದಲು ಒದ್ದೆಯಾಯಿತು. ಹಿಂದಿನ ರೂಮಿನಲ್ಲಿ ಅದೇ ಎತ್ತರಕ್ಕೆ ಸುಣ್ಣ ಉಬ್ಬಿದ್ದು ಯಾಕೆ ಅಂತ ಆಗ ತಿಳಿಯಿತು.

ಅಡಿಯಲ್ಲಿ ಒಂದು ಲೀಟರಿನ ಚೊಂಬು ಇಟ್ಟು ನೋಡಿದೆ. ತುಂಬಲು ಸುಮಾರು 40 ನಿಮಿಷ ಹಿಡಿಯಿತು. ಗಂಟೆಗೆ ಒಂದೂವರೆ ಲೀಟರ್, ದಿನಕ್ಕೆ 36 ಲೀಟರ್. ಗೋಡೆಯೊಳಗೆ ಇಳಿದದ್ದು ಬೇರೆ.

ಜಾಗ ಹೇಳುವುದು ಯಾರು ದುಡ್ಡು ಕೊಡಬೇಕು ಅನ್ನುವುದಕ್ಕೂ ಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ವಾಷರ್, ನಲ್ಲಿ ಬದಲಿಸುವುದು ಬಾಡಿಗೆದಾರರ ಪಾಲು. ಪೈಪು ಬದಲಿಸುವುದು ಮಾಲೀಕರ ಪಾಲು. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ, ನಿಮ್ಮ ಕರಾರು ಪತ್ರದಲ್ಲಿ ಏನಿದೆ ಅನ್ನುವುದನ್ನು ಮೊದಲು ಓದಿ. ನಮ್ಮದರಲ್ಲೂ ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು’ ಅಂತಿತ್ತು. ಆದರೆ ಟೈಲ್ಸ್ ಒಡೆಯುವ ಕೆಲಸ ಸಣ್ಣಪುಟ್ಟದ್ದಲ್ಲವಲ್ಲ!

ನಮ್ಮ ಓನರ್ ರಿಟೈರ್ಡ್ ಮೇಷ್ಟ್ರು. ವಾಟ್ಸಾಪಿನಲ್ಲಿ ಹೀಗೆ ಬರೆದೆ:

‘ಮೇಷ್ಟ್ರೇ, ನಮಸ್ಕಾರ. ಚೆನ್ನಾಗಿದ್ದೀರಾ? ಬಚ್ಚಲುಮನೆಯಲ್ಲಿ ಬಕೆಟ್ ಇಡುವ ಕಡೆಯ ತಣ್ಣೀರಿನ ನಲ್ಲಿ ಸೋರುತ್ತಿದೆ. ಮೂತಿಯಿಂದ ಅಲ್ಲ, ಗೋಡೆಯ ಜಾಯಿಂಟಿನಿಂದ. ನಿಲ್ಲಿಸಿದರೂ 40 ನಿಮಿಷಕ್ಕೆ ಒಂದು ಚೊಂಬು ತುಂಬುತ್ತೆ. ಹಿಂದಿನ ರೂಮಿನ ಗೋಡೆಗೂ ತೇವ ಬಂದಿದೆ, ಫೋಟೋ ಹಾಕಿದ್ದೇನೆ. ಹಳೆ ಪೈಪು, ತಿರುಗಿಸಿದರೆ ಒಳಗೆ ಮುರಿಯಬಹುದು ಅಂತ ನಾನು ಕೈ ಹಾಕಿಲ್ಲ. ಸದ್ಯಕ್ಕೆ ರಾತ್ರಿ ಹೊತ್ತು ಬಚ್ಚಲುಮನೆಯ ಗೇಟ್ ವಾಲ್ವ್ ಮುಚ್ಚಿಡುತ್ತಿದ್ದೇವೆ. ನಿಮಗೆ ಗೊತ್ತಿರುವ ಪ್ಲಂಬರ್ ಇದ್ದರೆ ಈ ವಾರದಲ್ಲಿ ಒಮ್ಮೆ ಕಳಿಸಿಕೊಡುತ್ತೀರಾ? ಬೆಳಿಗ್ಗೆ ಹತ್ತರವರೆಗೆ ಅಥವಾ ಭಾನುವಾರ ಇಡೀ ದಿನ ಮನೆಯಲ್ಲಿರುತ್ತೇವೆ. ನಾನೇ ಕರೆಸಲಿ ಅಂದರೆ, ರೇಟು ಕೇಳಿ ನಿಮಗೆ ಹೇಳಿ ಆಮೇಲೆ ಕೆಲಸ ಶುರು ಮಾಡಿಸುತ್ತೇನೆ.’

‘ಪುರುಸೊತ್ತಾದಾಗ ನೋಡಿ’ ಅಂತ ಬೇಕೆಂದೇ ಹಾಕಲಿಲ್ಲ. ಮರ್ಯಾದೆಗೆ ಅಂತ ಬರೆಯುತ್ತೇವೆ, ಅವರಿಗೆ ಪುರುಸೊತ್ತು ಆಗುವುದು ಯುಗಾದಿ ಹೊತ್ತಿಗೆ. ‘ಈ ವಾರದಲ್ಲಿ’ ಅಂದರೆ ಒರಟೇನೂ ಆಗುವುದಿಲ್ಲ. ‘ಕಳಿಸಿಕೊಡುತ್ತೀರಾ’ ಅಂತ ಕೇಳಿದರೆ ಸಾಕು. ‘ನೀವು ಹಾಕಿಸಿದ ನಲ್ಲಿ’, ‘ಬಾಡಿಗೆ ಕೊಡ್ತೀವಲ್ಲ’ ಇವೆಲ್ಲ ಬಾಯಿಗೆ ಬಂದರೂ ಬೆರಳಿಗೆ ಬರದಂತೆ ನೋಡಿಕೊಳ್ಳಬೇಕು. ನನ್ನ ಅನುಭವದಲ್ಲಿ ದುಡ್ಡಿನ ಮಾತನ್ನು ಮೊದಲ ಮೆಸೇಜಿನಲ್ಲಿ ವಾದಕ್ಕೆ ಎಳೆಯಬಾರದು. ಆದರೆ ಹೇಳದೆ ಖರ್ಚು ಮಾಡಿ, ಆಮೇಲೆ ಬಾಡಿಗೆಯಲ್ಲಿ ಮುರಿದುಕೊಳ್ಳುವುದಂತೂ ಬೇಡವೇ ಬೇಡ.

ಮೇಷ್ಟ್ರು ಫೋಟೋ ನೋಡಿ ಫೋನೇ ಮಾಡಿದರು. ‘ನೀರಿಗಿಂತ ಗೋಡೆದೇ ಚಿಂತೆ ಕಣಮ್ಮ’ ಅಂದರು. ಅವರು ಕಳಿಸಿದ ಪ್ಲಂಬರ್ ಒಂದು ಟೈಲ್ಸ್ ಬಿಚ್ಚಿ ನೋಡಿದರೆ, ನಲ್ಲಿಯನ್ನು ಪೈಪಿಗೆ ಸೇರಿಸುವ ಕಬ್ಬಿಣದ ತುಂಡು ಪೈಪು, ಅಂದರೆ ನಿಪ್ಪಲ್, ಗೋಡೆಯೊಳಗೆ ತುಕ್ಕು ಹಿಡಿದು ಅದರ ತಿರುಪಿನ ಮರೆಯೇ ಸವೆದಿತ್ತು. ನಿಪ್ಪಲ್ ಹೊಸದು ಹಾಕಿ, ಮರೆಗೆ ಟೆಫ್ಲಾನ್ ಟೇಪ್ ಸುತ್ತಿ, ಹಳೆ ನಲ್ಲಿಯನ್ನೇ ಕೂರಿಸಿದ. ಟೈಲ್ಸ್ ಅಂಟಿಸುವ ಮುಂಚೆ ವಾಲ್ವ್ ಬಿಟ್ಟು, ಜಾಯಿಂಟಿಗೆ ಒಣ ಪೇಪರ್ ಸುತ್ತಿ ಅರ್ಧ ಗಂಟೆ ಕಾಯೋಣ ಅಂದೆ. ಅವನಿಗೆ ಅಷ್ಟು ಇಷ್ಟವಾಗಲಿಲ್ಲ, ಆದರೂ ಕಾದ. ಪೇಪರ್ ಒಣಗಿಯೇ ಇತ್ತು. ಬಿಲ್ಲಿನ ಫೋಟೋ ಕಳಿಸಿದೆ, ಮೇಷ್ಟ್ರು ಪ್ಲಂಬರ್‌ಗೆ ನೇರವಾಗಿ ದುಡ್ಡು ಹಾಕಿದರು. ಹಿಂದಿನ ರೂಮಿನ ಗೋಡೆಗೆ ಬಣ್ಣ, ಪೂರ್ತಿ ಒಣಗಿದ ಮೇಲೆ ಅಂತ ಮಾತಾಗಿದೆ.